ಐಸೋಫಿಕ್ಸ್ ಇದ್ದರೆ ಯಾವ ಚೈಲ್ಡ್ ಸೀಟ್ ಆದರೂ ಕಾರಿಗೆ ಹೊಂದುತ್ತದೆಯೇ?

ಚಿಕ್ಕ ಮಕ್ಕಳಿರುವವರು ಕಾರು ಕೊಳ್ಳಲು ಹೊರಟರೆ ಫ್ಯಾಮಿಲಿ ಗ್ರೂಪ್‌ನಲ್ಲಿ ಸಲಹೆಗಳು ಸಾಲುಗಟ್ಟುತ್ತವೆ. "ಐಸೋಫಿಕ್ಸ್ ಇದ್ದರೆ ಸಾಕು, ಯಾವ ಚೈಲ್ಡ್ ಸೀಟ್ ಆದರೂ ಕೂರುತ್ತೆ." "ಐದು ಸ್ಟಾರ್ ಇದ್ದರೆ ಮಕ್ಕಳ ಚಿಂತೆ ಬೇಡ." "ಹಿಂದೆ ಮೂವರು ಆರಾಮಾಗಿ ಕೂರಬಹುದು." ಮೂರರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಮೂರನ್ನೂ ನಂಬಿ ಬುಕಿಂಗ್ ಮಾಡಿದರೆ, ಕಾರು ಮನೆಗೆ ಬಂದ ಮೇಲೆ ಒಂದು ಸಮಸ್ಯೆ ಎದುರಾಗಬಹುದು. ಚೈಲ್ಡ್ ಸೀಟ್ ಹಾಕಿದರೆ ಮನೆಯವರೆಲ್ಲ ಕೂರಲು ಆಗುವುದಿಲ್ಲ, ಎಲ್ಲರೂ ಕೂತರೆ ಚೈಲ್ಡ್ ಸೀಟ್ ಹಾಕಲು ಆಗುವುದಿಲ್ಲ. ಆಗ ಸಾಮಾನ್ಯವಾಗಿ ಮೂಲೆಗೆ ಹೋಗುವುದು ಚೈಲ್ಡ್ ಸೀಟ್, ಮಗು ಬರುವುದು ಮಡಿಲಿಗೆ.

ಮಡಿಲು ಏಕೆ ಸಾಲದು?

ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಎದುರಿಗೆ ಏನಕ್ಕೋ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಆ ಕ್ಷಣ 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅದು ಸಾಧ್ಯವಿಲ್ಲ. ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ.

ಹಾಗಾಗಿ ಚೈಲ್ಡ್ ಸೀಟ್ ಬೇಕೇ ಬೇಕು. ಅದನ್ನು ಹಾಕಿದ ಮೇಲೂ ಮನೆಯವರೆಲ್ಲ ಕೂರಬಹುದಾದ ಕಾರು ಯಾವುದು ಎಂಬುದಷ್ಟೇ ಪ್ರಶ್ನೆ.

ಐಸೋಫಿಕ್ಸ್ ಅಂದರೆ ನಿಜವಾಗಿ ಏನು?

ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡಿ. ಕಾರಿನ ಚೌಕಟ್ಟಿಗೆ ಬೆಸೆದ ಎರಡು ಸಣ್ಣ ಕಬ್ಬಿಣದ ಕೊಂಡಿಗಳು ಸಿಗುತ್ತವೆ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಇರುವ ಅಂತರ 28 ಸೆಂ.ಮೀ., ಎಲ್ಲ ಕಂಪನಿಗಳ ಕಾರುಗಳಲ್ಲೂ ಇಷ್ಟೇ. ಚೈಲ್ಡ್ ಸೀಟಿನ ಹಿಂಬದಿಯ ಎರಡು ಕೈಗಳು ಈ ಕೊಂಡಿಗಳಿಗೆ ಟಕ್ಕನೆ ಕಚ್ಚಿಕೊಳ್ಳುತ್ತವೆ. ಬೆಲ್ಟ್ ಸುತ್ತುವಾಗ ಆಗುವ ತಪ್ಪುಗಳು ಇಲ್ಲಿ ಕಡಿಮೆ.

ಆದರೆ ಈ ಎರಡು ಕೊಂಡಿ ಮಾತ್ರ ಸಾಲದು. ಬ್ರೇಕ್ ಹಾಕಿದಾಗ ಸೀಟು ಮುಂದಕ್ಕೆ ಮಗುಚದಂತೆ ತಡೆಯಲು ಮೂರನೆಯ ಆಧಾರ ಬೇಕು. ಅದು ಎರಡು ಬಗೆ. ಒಂದು, ಚೈಲ್ಡ್ ಸೀಟಿನ ಮೇಲ್ಭಾಗದಿಂದ ಕಾರಿನ ಸೀಟಿನ ಹಿಂದಕ್ಕೆ ಹೋಗಿ ಕಟ್ಟಿಕೊಳ್ಳುವ ಪಟ್ಟಿ, ಅಂದರೆ ಟಾಪ್ ಟೆದರ್. ಇನ್ನೊಂದು, ಕಾರಿನ ನೆಲಕ್ಕೆ ಊರುವ ಸಪೋರ್ಟ್ ಲೆಗ್.

ಹೊಂದಾಣಿಕೆ ಕೆಡುವುದು ಸಾಮಾನ್ಯವಾಗಿ ಈ ಮೂರನೆಯ ಆಧಾರದಲ್ಲಿ. ನಿಮ್ಮ ಚೈಲ್ಡ್ ಸೀಟಿಗೆ ಕಾಲು ಇದ್ದು, ಕಾರಿನಲ್ಲಿ ಅದು ಊರುವ ಜಾಗದ ನೆಲದ ಕೆಳಗೆ ಸಾಮಾನು ಇಡುವ ಟೊಳ್ಳು ಡಬ್ಬಿ ಇದ್ದರೆ ಅಲ್ಲಿ ಕಾಲು ಊರುವಂತಿಲ್ಲ. ಡಿಕ್ಕಿಯಾದಾಗ ಮುಚ್ಚಳ ಕುಸಿಯುತ್ತದೆ. ಟೆದರ್ ಇರುವ ಸೀಟಾದರೆ ಕಾರಿನಲ್ಲಿ ಅದಕ್ಕೆಂದೇ ಮಾಡಿದ ಕೊಂಡಿ ಇರಬೇಕು. ಡಿಕ್ಕಿಯೊಳಗೆ ಸಾಮಾನು ಕಟ್ಟಲು ಕೊಟ್ಟಿರುವ ಕೊಕ್ಕೆಗೆ ಸಿಕ್ಕಿಸುವವರಿದ್ದಾರೆ. ಅದು ಅಷ್ಟು ಭಾರ ತಡೆಯಲು ಮಾಡಿದ್ದಲ್ಲ. ನಿಜವಾದ ಟೆದರ್ ಕೊಂಡಿಯ ಬಳಿ ಲಂಗರಿನ ಚಿತ್ರ ಇರುತ್ತದೆ.

ಇದನ್ನೆಲ್ಲ ಕಂಪನಿಯೇ ಬರೆದಿಟ್ಟಿರುತ್ತದೆ. ಕಾರಿನ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಯಾವ ಜಾಗಕ್ಕೆ ಯಾವ ಬಗೆಯ ಚೈಲ್ಡ್ ಸೀಟ್ ಆಗುತ್ತದೆ ಎಂಬ ಕೋಷ್ಟಕ ಇರುತ್ತದೆ. ಅಲ್ಲಿ 'ಎಕ್ಸ್' ಎಂಬ ಅಕ್ಷರ ಕಂಡರೆ ಆ ಜಾಗಕ್ಕೆ ಆ ಬಗೆಯ ಸೀಟು ಆಗುವುದಿಲ್ಲ ಎಂದರ್ಥ. ಹೆಚ್ಚಿನ ಕಂಪನಿಗಳ ಮ್ಯಾನ್ಯುಯಲ್ ಅವರ ವೆಬ್‌ಸೈಟ್‌ನಲ್ಲೇ ಸಿಗುವುದರಿಂದ ಕಾರು ಕೊಳ್ಳುವ ಮೊದಲೇ ನೋಡಬಹುದು.

ಮಗುವಿನ ಸೀಟು ಹಿಂದೆ, ಇಕ್ಕಟ್ಟು ಮುಂದೆ

ಕೂಸುಗಳನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸಬೇಕು. ಚಿಕ್ಕ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಇನ್ನೂ ಎಳೆಯದು. ಮುಂದೆ ಮುಖ ಮಾಡಿ ಕೂತಿದ್ದರೆ ಡಿಕ್ಕಿಯಲ್ಲಿ ದೇಹವನ್ನು ಬೆಲ್ಟ್ ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆದಂತಾಗುತ್ತದೆ. ಹಿಮ್ಮುಖವಾಗಿ ಕೂತರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಒರಗೇ ಒಟ್ಟಿಗೆ ತಡೆದುಕೊಳ್ಳುತ್ತದೆ. ಯುರೋಪಿನ ಐ-ಸೈಜ್ ನಿಯಮದಲ್ಲಿ ಕನಿಷ್ಠ 15 ತಿಂಗಳವರೆಗೆ ಇದು ಕಡ್ಡಾಯ. ಸೀಟಿನ ಎತ್ತರ ಮತ್ತು ತೂಕದ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿಯೇ ಇರಲಿ ಎನ್ನುವುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ಮಗುವಿನ ಕಾಲು ಮಡಚಿಕೊಳ್ಳುತ್ತದೆ ಎಂದು ಬೇಗ ತಿರುಗಿಸಬೇಡಿ. ಮಕ್ಕಳು ಕಾಲು ಮಡಚಿ ಕೂರುವುದರಿಂದ ತೊಂದರೆಯಿಲ್ಲ.

ತೊಂದರೆಯಾಗುವುದು ಮುಂದೆ ಕೂರುವವರಿಗೆ. ಹಿಮ್ಮುಖ ಸೀಟು ಓರೆಯಾಗಿ ಮಲಗಿದಂತೆ ಇರುತ್ತದೆ, ಅದರ ತಲೆಭಾಗ ಮುಂದಿನ ಸೀಟಿನ ಬೆನ್ನಿನ ಕಡೆ ಚಾಚುತ್ತದೆ. ನವಜಾತ ಶಿಶುವಿಗೆ ಹೆಚ್ಚು ಓರೆ ಬೇಕಾದ್ದರಿಂದ ಆಗಲೇ ಅತಿ ಹೆಚ್ಚು ಜಾಗ ಹೋಗುತ್ತದೆ. ಮಗು ಬೆಳೆದಂತೆ ಸೀಟನ್ನು ಸ್ವಲ್ಪ ನೇರ ಮಾಡಬಹುದು. ಅಲ್ಲಿಯವರೆಗೆ ಮುಂದಿನ ಸೀಟನ್ನು ಮುಂದಕ್ಕೆ ಎಳೆಯದೆ ಬೇರೆ ದಾರಿಯಿಲ್ಲ. ಬ್ರೋಷರ್‌ನಲ್ಲಿ ಹೊಗಳುವ ಹಿಂಬದಿಯ 'ಲೆಗ್‌ರೂಮ್' ದೊಡ್ಡವರ ಕಾಲಿನ ಲೆಕ್ಕ. ಅದನ್ನು ನೋಡಿ ಚೈಲ್ಡ್ ಸೀಟ್ ಹಿಡಿಸುತ್ತದೆಯೇ ಎಂದು ಹೇಳಲಾಗದು.

ಪರೀಕ್ಷೆ ಸುಲಭ. ಹಿಮ್ಮುಖ ಸೀಟನ್ನು ಹಾಕಿ, ಅದರ ಮುಂದೆ ನಿಮ್ಮ ಮನೆಯ ಅತಿ ಎತ್ತರದವರನ್ನು ಕೂರಿಸಿ. ಮೊಣಕಾಲು ಡ್ಯಾಶ್‌ಬೋರ್ಡ್‌ಗೆ ತಾಗಿದರೆ ಆ ಕಾರು ನಿಮಗಲ್ಲ. ಚಾಲಕರ ಹಿಂದೆ ಹಾಕುವುದಾದರೆ ಅವರ ಎದೆಗೂ ಸ್ಟಿಯರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಉಳಿಯಬೇಕು, ಇಲ್ಲದಿದ್ದರೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಅದೇ ಗಾಯ ಮಾಡೀತು. ಹಿಂದೆ ಹಿಡಿಸಲಿಲ್ಲವೆಂದು ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಎಂದೂ ಹಾಕಬೇಡಿ. ಏರ್‌ಬ್ಯಾಗ್ ಬಡಿಯುವುದು ಮಗುವಿನ ತಲೆಯ ಹಿಂದಿರುವ ಒರಗಿಗೇ.

ಎರಡು ಸೀಟುಗಳ ನಡುವೆ ಅಜ್ಜಿ ಕೂರಬಹುದೇ?

ನಮ್ಮ ಮನೆಗಳ ಪ್ರಶ್ನೆ ಇದು. ಅಪ್ಪ, ಅಮ್ಮ, 9 ತಿಂಗಳ ಪಾಪು, 4 ವರ್ಷದ ಅಕ್ಕ, ಜೊತೆಗೆ ಅಜ್ಜಿ. ಕಾರು ಐದು ಸೀಟಿನದು, ಜನ ಐದೇ. ಲೆಕ್ಕ ಸರಿಹೋಗುವಂತೆ ಕಾಣುತ್ತದೆ. ಟೇಪ್ ಹಿಡಿದು ನೋಡೋಣ.

ಹಿಂಬದಿ ಸೀಟಿನ ಅಗಲ, ಬಾಗಿಲಿನಿಂದ ಬಾಗಿಲಿಗೆ 124 ಸೆಂ.ಮೀ. ಎಂದುಕೊಳ್ಳಿ. ಮಕ್ಕಳ ಸೀಟು ಒಂದೊಂದೂ 44 ಸೆಂ.ಮೀ. ಅಗಲ. ಎರಡೂ ಸೇರಿ 88, ಉಳಿದದ್ದು 36. ಸಣ್ಣ ಮೈಕಟ್ಟಿನ ಅಜ್ಜಿ ಹೇಗೋ ಕೂರಬಹುದು ಅನ್ನಿಸುತ್ತದೆ.

ಆದರೆ ಐಸೋಫಿಕ್ಸ್‌ಗೆ ಹಾಕಿದ ಸೀಟು ಬಾಗಿಲಿಗೆ ಅಂಟಿಕೊಳ್ಳುವುದಿಲ್ಲ. ಕೊಂಡಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಎಡಗಡೆಯ ಜೋಡಿ ಕೊಂಡಿಗಳ ಮಧ್ಯದಿಂದ ಬಲಗಡೆಯ ಜೋಡಿಯ ಮಧ್ಯಕ್ಕೆ ಈ ಕಾರಿನಲ್ಲಿ 68 ಸೆಂ.ಮೀ. ಇದೆ ಎನ್ನಿ. ಇದರಲ್ಲಿ ಎಡ ಸೀಟಿನ ಅರ್ಧ 22, ಬಲ ಸೀಟಿನ ಅರ್ಧ 22, ಒಟ್ಟು 44 ಕಳೆಯಿರಿ. ನಡುವೆ ಉಳಿಯುವುದು 24 ಸೆಂ.ಮೀ. ಮಾತ್ರ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಉಳಿದ 12 ಸೆಂ.ಮೀ. ಎರಡೂ ಬಾಗಿಲುಗಳ ಪಕ್ಕ ಆರಾರರಂತೆ ಹಂಚಿಹೋಗಿ ಯಾರಿಗೂ ಬಾರದೆ ವ್ಯರ್ಥವಾಗುತ್ತದೆ.

ಅಕ್ಕನ ಸೀಟನ್ನು ಐಸೋಫಿಕ್ಸ್ ಬಿಟ್ಟು ಬೆಲ್ಟ್‌ನಿಂದ ಕಟ್ಟಿ, ಬಾಗಿಲ ಕಡೆ ಸರಿಸಿದರೆ? ಹೆಚ್ಚೆಂದರೆ 6 ಸೆಂ.ಮೀ. ಸಿಕ್ಕಿ 30 ಆದೀತು. ಅದಕ್ಕೂ ಆ ಸೀಟು ಬೆಲ್ಟ್‌ನಿಂದ ಕಟ್ಟಬಹುದಾದ ಬಗೆಯದಾಗಿರಬೇಕು, ಸರಿಸಿದ ಮೇಲೂ ಗಟ್ಟಿಯಾಗಿ ಕೂರಬೇಕು. ಅಜ್ಜಿಯ ಬೆಲ್ಟಿನ ಬಕಲ್ ಚೈಲ್ಡ್ ಸೀಟಿನ ಅಡಿ ಸಿಕ್ಕಿಕೊಂಡು ಕೈಗೆ ಎಟುಕದಿದ್ದರೆ ಅವರು ಬೆಲ್ಟ್ ಇಲ್ಲದೆಯೇ ಕೂರಬೇಕಾಗುತ್ತದೆ.

ನಿಮ್ಮ ಕಾರಿಗೂ ಇದೇ ಸೂತ್ರ: ಎರಡು ಜೋಡಿ ಕೊಂಡಿಗಳ ಮಧ್ಯದ ಅಂತರದಿಂದ ಒಂದು ಚೈಲ್ಡ್ ಸೀಟಿನ ಅಗಲ ಕಳೆಯಿರಿ. ಉಳಿದದ್ದೇ ನಡುವಿನ ಜಾಗ. ಸೀಟುಗಳ ಅಗಲ ಬೇರೆ ಬೇರೆಯಾಗಿದ್ದರೆ ಎರಡರ ಸರಾಸರಿ ಕಳೆಯಿರಿ. ಕೂರಬೇಕಾದವರ ಸೊಂಟದ ಅಗಲಕ್ಕಿಂತ ಅದು ಹೆಚ್ಚಿರಬೇಕು.

ಹಾಗಾದರೆ ಏಳು ಸೀಟಿನ ಕಾರು ಕೊಂಡರೆ ಆಯಿತಲ್ಲ?

ಅಲ್ಲೂ ಒಂದು ತೊಡಕು. ಮೂರನೆಯ ಸಾಲಿಗೆ ಹೋಗಲು ಎರಡನೆಯ ಸಾಲಿನ ಸೀಟನ್ನು ಮಡಚಬೇಕು. ಚೈಲ್ಡ್ ಸೀಟ್ ಬಿಗಿದಿರುವ ಸೀಟನ್ನು ಮಡಚಲು ಆಗದು. ಎರಡನೆಯ ಸಾಲು ಉದ್ದನೆಯ ಬೆಂಚ್ ಆಗಿದ್ದು ಎರಡೂ ಬದಿಯಲ್ಲಿ ಮಕ್ಕಳ ಸೀಟು ಇದ್ದರೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಎರಡನೆಯ ಸಾಲಿನಲ್ಲಿ ಎರಡು ಬಿಡಿ ಸೀಟು ಇರುವ ಮಾದರಿಯಾದರೆ ನಡುವಿನ ಓಣಿಯಿಂದ ಹೋಗಬಹುದು. ಮಂಡಿನೋವಿರುವ ಅಜ್ಜಿಗೆ ಅದು ಕಷ್ಟ. ಆಗ ಅಜ್ಜಿ ಮುಂದೆ, ಅಮ್ಮ ಹಿಂದಿನ ಸಾಲಿಗೆ. ಈ ಏರ್ಪಾಡು ನಿಮಗೆ ಒಗ್ಗುತ್ತದೆಯೇ ಎಂದು ಮೊದಲೇ ಕೂತು ನೋಡಿ.

ಸ್ಟಾರ್ ರೇಟಿಂಗ್ ಏನು ಹೇಳುತ್ತದೆ?

ಭಾರತ್ ಎನ್‌ಕ್ಯಾಪ್‌ನಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕ. ಅದರಲ್ಲಿ 24 ಡಿಕ್ಕಿ ಪರೀಕ್ಷೆಗೆ, 12 ಚೈಲ್ಡ್ ಸೀಟ್ ಸರಿಯಾಗಿ ಕೂರುತ್ತದೆಯೇ ಎಂಬುದಕ್ಕೆ, 13 ಕಾರಿನಲ್ಲಿರುವ ಸೌಲಭ್ಯಗಳಿಗೆ. ಸ್ಟಾರ್ ಎಣಿಸಿ ನಿಲ್ಲಿಸದೆ ಆ 12ರಲ್ಲಿ ಎಷ್ಟು ಬಂದಿದೆ ನೋಡಿ. ಆದರೂ ಅದು ಪರೀಕ್ಷೆಗೆ ಬಳಸಿದ ಸೀಟುಗಳ ಫಲಿತಾಂಶ. ನೀವು ಕೊಳ್ಳುವ ಸೀಟಿನ ಬಗ್ಗೆಯಾಗಲಿ, ಅಪ್ಪನ ಮೊಣಕಾಲಿನ ಬಗ್ಗೆಯಾಗಲಿ ಅದು ಏನೂ ಹೇಳುವುದಿಲ್ಲ.

ಶೋರೂಮ್‌ನಲ್ಲಿ ಏನು ಮಾಡಬೇಕು?

ಮೊದಲು ಚೈಲ್ಡ್ ಸೀಟ್ ಆರಿಸಿ, ಆಮೇಲೆ ಕಾರು. ಸೀಟನ್ನೂ ಟೇಪನ್ನೂ ಟೆಸ್ಟ್ ಡ್ರೈವ್‌ಗೆ ಒಯ್ಯಿರಿ, ಮನೆಯವರನ್ನೂ ಕರೆದೊಯ್ಯಿರಿ. ಸೀಟನ್ನು ನೀವೇ ಹಾಕಿ. ಕೊಂಡಿ ಸರಿಯಾಗಿ ಕಚ್ಚಿದರೆ ಸೀಟಿನ ಸೂಚಕ ಹಸಿರಾಗುತ್ತದೆ. ಮೂರನೆಯ ಆಧಾರವನ್ನೂ ಕಟ್ಟಿದ ಮೇಲೆ ಸೀಟಿನ ಬುಡ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿದರೆ ಅದು ಸರಿಯಾಗಿ ಕೂತಿಲ್ಲ. ಕಾರಿನ ಹೆಡ್‌ರೆಸ್ಟ್ ಸೀಟನ್ನು ಮುಂದಕ್ಕೆ ತಳ್ಳುತ್ತಿದೆಯೇ ನೋಡಿ. ಬೆಲ್ಟ್‌ನಿಂದ ಕಟ್ಟುವ ಸೀಟಾದರೆ ಬೆಲ್ಟ್ ಪೂರ್ತಿ ಸುತ್ತುವಷ್ಟು ಉದ್ದವಿದೆಯೇ ನೋಡಿ. ಹಿಮ್ಮುಖ ಸೀಟಿಗೆ ಉದ್ದ ಸಾಲದೆ ಹೋಗುವುದುಂಟು.

ಕೊನೆಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತು, ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ. ಇಷ್ಟು ಆಗುವ ಕಾರಿಗೆ ಅಡ್ವಾನ್ಸ್ ಕೊಡಿ.