‘ಕಳಿಸು’, ‘ಕಳಿಸಿ’, ‘ಕಳಿಸಿಕೊಟ್ಟರೆ’

ಮಾರ್ಚ್ ಕೊನೆಯ ವಾರ, ತಾಲ್ಲೂಕು ಮಟ್ಟದ ಒಂದು ಕಚೇರಿ ಎಂದುಕೊಳ್ಳಿ. ಬಿಲ್ಲು ಖಜಾನೆಗೆ ಹೋಗಲು ನಾಳೆಯೇ ಕಡೆಯ ದಿನ. ಗುಮಾಸ್ತರು ಸಾಹೇಬರಿಗೆ ವಾಟ್ಸಾಪಿನಲ್ಲಿ ಹೀಗೆ ಬರೆಯುತ್ತಾರೆ: ‘ಸರ್, ದಯವಿಟ್ಟು ಬೇಗ ಸಹಿ ಮಾಡಿ.’

‘ದಯವಿಟ್ಟು’ ಇದೆ, ‘ಮಾಡಿ’ ಎಂಬ ಬಹುವಚನವೂ ಇದೆ. ಆದರೂ ಓದಿದರೆ ಅಪ್ಪಣೆಯಂತೆ ಕೇಳುತ್ತದೆ. ‘ದಯವಿಟ್ಟು ಸಾಲಿನಲ್ಲಿ ನಿಲ್ಲಿ’ ಎಂಬ ಬೋರ್ಡಿನಲ್ಲಿ ಎಷ್ಟು ವಿನಯವಿದೆಯೋ ಇಲ್ಲಿಯೂ ಅಷ್ಟೇ.

ತಿದ್ದಲು ಕೂತವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ: ‘ತಮ್ಮ ಅಮೂಲ್ಯ ಸಮಯದಲ್ಲಿ ಬಿಡುವಾದಾಗ ಕಡತವನ್ನು ಅವಲೋಕಿಸಬೇಕಾಗಿ ವಿನಂತಿ.’ ವಿನಯ ಹೆಚ್ಚಾಯಿತು, ಗಡುವು ಮಾಯವಾಯಿತು! ‘ಬಿಡುವಾದಾಗ’ ಎಂದಮೇಲೆ ಸಾಹೇಬರು ಸೋಮವಾರ ನೋಡಿದರೂ ತಪ್ಪು ಅವರದಲ್ಲ.

ಕೆಲಸಕ್ಕೆ ಬರುವುದು ನಡುವಿನ ದಾರಿ: ‘ಸರ್, ಬಿಲ್ಲಿನ ಕಡತ ನಿಮ್ಮ ಮೇಜಿನ ಮೇಲಿದೆ. ಖಜಾನೆಗೆ ನಾಳೆ ಕಡೆಯ ದಿನ. ಇವತ್ತು ಸಂಜೆಯೊಳಗೆ ಸಹಿ ಮಾಡಿಕೊಟ್ಟರೆ ಬೆಳಿಗ್ಗೆಯೇ ತಲುಪಿಸುತ್ತೇನೆ.’ ಇಲ್ಲಿ ಆತುರಪಡಿಸುತ್ತಿರುವುದು ಗುಮಾಸ್ತರಲ್ಲ, ಖಜಾನೆಯ ದಿನಾಂಕ. ‘ಮಾಡಿ’ ಎಂಬುದು ‘ಮಾಡಿಕೊಟ್ಟರೆ’ ಆದಾಗ ‘ಕೊಡು’ ಎಂಬ ಸಹಾಯಕ ಕ್ರಿಯಾಪದ ಆ ಕೆಲಸವನ್ನು ಉಪಕಾರವಾಗಿಸುತ್ತದೆ. ‘-ಅರೆ’ ಪ್ರತ್ಯಯ ತೀರ್ಮಾನವನ್ನು ಅವರಿಗೇ ಬಿಡುತ್ತದೆ. ‘ತಾವು’ ಬೇಕೆನಿಸಿದರೆ ಬಳಸಬಹುದು, ಆದರೆ ಕೊನೆಯವರೆಗೂ ಅದನ್ನೇ ಹಿಡಿಯಬೇಕು. ‘ತಾವು’ ಎಂದು ಶುರುಮಾಡಿ ಮುಂದಿನ ಸಾಲಿನಲ್ಲಿ ‘ನಿಮ್ಮ’ ಎಂದರೆ ಎಲ್ಲಿಂದಲೋ ತಂದು ಅಂಟಿಸಿದ್ದು ಎಂದು ಗೊತ್ತಾಗಿಬಿಡುತ್ತದೆ.

ಕಿರಿಯ ಸಹೋದ್ಯೋಗಿಗೆ ಬರೆಯುವುದು ಸುಲಭ ಎಂದುಕೊಂಡವರೇ ಎಡವುತ್ತಾರೆ. ಕ್ಯಾಂಟೀನಿನಲ್ಲಿ ‘ಏನಪ್ಪಾ, ಬಿಲ್ ಕಳಿಸೋ’ ಎಂದರೆ ಸಲುಗೆ. ಹತ್ತು ಜನರಿರುವ ಗ್ರೂಪಿನಲ್ಲಿ ಅದನ್ನೇ ಬರೆದರೆ ದನಿಯೂ ಇಲ್ಲ, ನಗುವೂ ಇಲ್ಲ. ಉಳಿಯುವುದು ಏಕವಚನ ಮಾತ್ರ. ಹುದ್ದೆಯಲ್ಲಿ ಕಿರಿಯರಾದವರು ವಯಸ್ಸಿನಲ್ಲಿ ಹಿರಿಯರಾಗಿದ್ದರಂತೂ ಇನ್ನೂ ಕಷ್ಟ. ಬರಹದಲ್ಲಿ ಎಲ್ಲರಿಗೂ ‘ನೀವು’ ಎನ್ನುವುದೇ ಕ್ಷೇಮ: ‘ಪಟ್ಟಿಯನ್ನು ಮೂರು ಗಂಟೆಯೊಳಗೆ ಕಳಿಸಿ. ಅಂಕಿ ಹೊಂದದಿದ್ದರೆ ಫೋನ್ ಮಾಡಿ.’ ಇಷ್ಟು ಸಾಕು. ಇದರ ಮೇಲೂ ವಿನಯ ಸುರಿದು ‘ತಾವು ಇವತ್ತಾದರೂ ಪಟ್ಟಿ ಕಳಿಸಿಕೊಡುವಿರಾ?’ ಎಂದರೆ ಅದು ಗೌರವವಲ್ಲ, ಚುಚ್ಚು.

ಊರಿಂದ ಊರಿಗೂ ಲೆಕ್ಕ ಬದಲಾಗುತ್ತದೆ. ಧಾರವಾಡದ ಕಡೆ ‘ನೋಡ್ರಿ’, ‘ಹೌದ್ರಿ’ ದಿನನಿತ್ಯದ ಮರ್ಯಾದೆ. ಬೆಂಗಳೂರಿನಲ್ಲಿ ‘ಏನ್ರೀ ಇದು?’ ಎಂದರೆ ಬೈಗುಳದ ಪೀಠಿಕೆ.

ಯಾವ ಮಟ್ಟ ಎಂದು ತಿಳಿಯದೆ ಬೆರಳು ನಿಂತಾಗ ಕನ್ನಡ ವ್ಯಾಕರಣವೇ ಒಂದು ಕಿಂಡಿ ಬಿಟ್ಟಿದೆ. ‘ಬಂದನು’, ‘ಬಂದರು’ ಎಂದು ಬೇರೆಯಾಗುವ ಕ್ರಿಯಾಪದ ‘ಬಂದಿಲ್ಲ’ ಎಂಬಲ್ಲಿ ಒಂದೇ. ‘ಪಟ್ಟಿ ಇನ್ನೂ ಬಂದಿಲ್ಲ, ಮೂರು ಗಂಟೆಗೆ ಬೇಕಿತ್ತು’ ಎಂಬ ಸಂದೇಶದಲ್ಲಿ ನೀನೂ ಇಲ್ಲ, ನೀವೂ ಇಲ್ಲ, ತಾವೂ ಇಲ್ಲ.