ಸನ್ನದಿಗೆ ವಿರಾಮ, ವಕಾಲತ್ತಿಗಲ್ಲ

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಕಚೇರಿ ಇಟ್ಟುಕೊಂಡ ಯುವ ವಕೀಲೆಯೊಬ್ಬರು ಹೆರಿಗೆಗಾಗಿ ತವರಿಗೆ ಹೋಗುತ್ತಾರೆ, ಆಮೇಲೆ ಗಂಡನ ಜೊತೆ ಎರಡು ವರ್ಷ ದುಬೈಯಲ್ಲಿರುತ್ತಾರೆ ಎಂದುಕೊಳ್ಳಿ. ಅವರ ಕೈಯಲ್ಲಿ ಕಮಲಾಪುರದ ರೈತರೊಬ್ಬರ ಬಾಳೆತೋಟದ ಪಾಲಿನ ದಾವೆ ಇದೆ. ಸನ್ನದನ್ನು ಕಳೆದುಕೊಳ್ಳದೆ ಅವರು ಹೋಗಿಬರುವುದು ಹೇಗೆ?

ದಾರಿ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 6ನೇ ಭಾಗ, 3ನೇ ಅಧ್ಯಾಯದ 5ನೇ ನಿಯಮದಂತೆ, ಯಾವುದೇ ಕಾರಣಕ್ಕೆ ತಾವಾಗಿ ವೃತ್ತಿ ನಿಲ್ಲಿಸುವವರು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಬೇಕು. ಜೊತೆಗೆ ನೋಂದಣಿ ಪತ್ರದ ಮೂಲಪ್ರತಿಯನ್ನೂ ಕಳಿಸಬೇಕು. ಇದು ಶಿಕ್ಷೆಯ ಅಮಾನತಲ್ಲ, ಹೆಸರಿಗೆ ಕಳಂಕವೂ ಇಲ್ಲ. ಮೂಲಪ್ರತಿ ಕೈಬಿಡುವ ಮೊದಲು ದೃಢೀಕೃತ ನಕಲು ಮಾಡಿಸಿ, ಅಂಚೆ ರಸೀದಿಯ ಜೊತೆ ಜೋಪಾನವಾಗಿಡಬೇಕು. ದುಬೈಯಲ್ಲಿ ಪೂರ್ಣಾವಧಿ ಸಂಬಳದ ಕೆಲಸ ಹಿಡಿದರಂತೂ ವೃತ್ತಿ ನಿಲ್ಲಿಸಿ ಪರಿಷತ್ತಿಗೆ ತಿಳಿಸುವುದು 49ನೇ ನಿಯಮದ ಪ್ರಕಾರ ಕಡ್ಡಾಯ.

ಆದರೆ ಎಡವಟ್ಟಾಗುವುದು ಬೆಂಗಳೂರಿನಲ್ಲಲ್ಲ, ಕಲಬುರಗಿಯ ಸಿವಿಲ್ ಕೋರ್ಟಿನಲ್ಲಿ. ಪರಿಷತ್ತಿಗೆ ಬರೆದ ಪತ್ರ ಕೋರ್ಟಿನ ಕಡತಕ್ಕೆ ತಾನಾಗಿ ಬಂದು ಸೇರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶ, 4ನೇ ನಿಯಮದಂತೆ, ಕೋರ್ಟಿನ ಅನುಮತಿಯೊಂದಿಗೆ ಲಿಖಿತವಾಗಿ ಕೊನೆಗೊಳಿಸುವ ತನಕ ವಕಾಲತ್ತು ಜೀವಂತ. ವಾದಿಯ ಪರ ಯಾರೂ ಹಾಜರಾಗದ ದಿನ ಪ್ರತಿವಾದಿ ಹಾಜರಿದ್ದರೆ, ದಾವೆ ಗೈರುಹಾಜರಿಗೆ ವಜಾ ಆಗಬಹುದು. ಅದನ್ನು ಮರುಸ್ಥಾಪಿಸಲು ಅರ್ಜಿ ಹಾಕುವ ಅವಧಿ 30 ದಿನ ಮಾತ್ರ. ತೋಟದಲ್ಲಿರುವ ರೈತನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅದೂ ಮುಗಿದಿರಬಹುದು.

ಆದ್ದರಿಂದ ಮೊದಲು ಕಕ್ಷಿದಾರರನ್ನು ಕರೆದು ಹೇಳಬೇಕು. ಅವರು ಒಪ್ಪಿದ ವಕೀಲರ ವಕಾಲತ್ತಿಗೆ ‘ನೋ ಅಬ್ಜೆಕ್ಷನ್’ ಬರೆದುಕೊಟ್ಟು ಕಡತ ಒಪ್ಪಿಸಬೇಕು. ಮಾಡದ ಕೆಲಸಕ್ಕೆ ಪಡೆದ ಫೀಸು ಹಿಂತಿರುಗಿಸಬೇಕು. ಹೊಸ ವಕಾಲತ್ತು ದಾಖಲಾದದ್ದನ್ನು ಕೋರ್ಟಿನ ಕಡತದಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಸನ್ನದು ಅಂಚೆಗೆ ಹೋಗಲಿ. ಈ ಅನುಕ್ರಮ ತಿರುಗುಮುರುಗಾದರೆ ನಷ್ಟ ವಕೀಲೆಗಲ್ಲ, ಆ ರೈತನಿಗೆ.

ಮರಳಿ ಬಂದಾಗ ಹೊಸದಾಗಿ ನೋಂದಣಿ ಬೇಡ. ಪರಿಷತ್ತಿನ ಕಾರ್ಯದರ್ಶಿಗೆ ಅರ್ಜಿ, ಜೊತೆಗೊಂದು ಪ್ರಮಾಣಪತ್ರ ಸಾಕು. ಈ ನಡುವೆ ವಕೀಲರ ಕಾಯ್ದೆಯ 24ಎ ಕಲಮಿನ ಅನರ್ಹತೆ, ಉದಾಹರಣೆಗೆ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ, ತಗುಲಿದೆಯೇ ಇಲ್ಲವೇ ಎಂದು ಅದರಲ್ಲಿ ಹೇಳಬೇಕು. ನೋಂದಣಿ ಸಮಿತಿ ಒಪ್ಪಿದರೆ ಷರಾ ಬರೆದು ಮೂಲಪತ್ರವನ್ನು ಹಿಂತಿರುಗಿಸುತ್ತದೆ. ಅದು ಕೈಗೆ ಬರುವವರೆಗೆ ಯಾವ ವಕಾಲತ್ತಿಗೂ ಸಹಿ ಹಾಕಬಾರದು.

ನ್ಯಾಯಾಧೀಶರಾಗುವ ಆಸೆ ಇರುವವರು ಇನ್ನೊಂದನ್ನು ಗಮನಿಸಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ವೃತ್ತಿ ನಿಂತ ಕಾಲವನ್ನು ಅದರಲ್ಲಿ ಸೇರಿಸಿ ಲೆಕ್ಕ ಹಾಕಬೇಡಿ. ಅದಕ್ಕೇ ಕೆಲವೇ ತಿಂಗಳ ಬಾಣಂತನಕ್ಕೆ ಸನ್ನದು ಒಪ್ಪಿಸುವ ಮುನ್ನ ಹಿರಿಯ ವಕೀಲರೊಬ್ಬರ ಜೊತೆ ಕೂತು ಮಾತಾಡಿ. ಕಡತಗಳನ್ನು ಮಾತ್ರ ಅಂದೇ ಬೇರೆಯವರ ಕೈಗೆ ಒಪ್ಪಿಸಿ.