ಘಾತದ ಮೂರನೆಯ ಪ್ರಶ್ನೆ

ಒಂದು ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇ. 7ರ ಚಕ್ರಬಡ್ಡಿಗೆ ಠೇವಣಿ ಇಟ್ಟಿದ್ದೀರಿ ಎಂದುಕೊಳ್ಳಿ. ಒಂದೊಂದು ವರ್ಷ ಕಳೆದಾಗಲೂ ಅಲ್ಲಿಯವರೆಗಿನ ಮೊತ್ತವನ್ನು 1.07ರಿಂದ ಗುಣಿಸಬೇಕು. ಹತ್ತು ವರ್ಷಕ್ಕೆ ಹತ್ತು ಸಲ ಗುಣಿಸಿದರೆ 1.07¹⁰, ಅಂದರೆ ಸುಮಾರು 1.967. ಕೈಗೆ ಬರುವ ಹಣ 1,96,715 ರೂಪಾಯಿ. ಇಲ್ಲಿ ಆಧಾರಸಂಖ್ಯೆ 1.07 ಗೊತ್ತಿತ್ತು, ಘಾತಾಂಕ 10 ಗೊತ್ತಿತ್ತು. ಗೊತ್ತಿಲ್ಲದ್ದು ಫಲ ಒಂದೇ.

ಈಗ ಅದೇ ಲೆಕ್ಕವನ್ನು ಬೇರೆ ಕಡೆಯಿಂದ ಕೇಳೋಣ. ಹತ್ತು ವರ್ಷದಲ್ಲಿ ಹಣ ಸರಿಯಾಗಿ ಎರಡರಷ್ಟಾಗಬೇಕಾದರೆ ಬಡ್ಡಿ ಎಷ್ಟಿರಬೇಕು? ಸಮೀಕರಣ x¹⁰ = 2. ಯಾವ ಸಂಖ್ಯೆಯನ್ನು ಹತ್ತು ಸಲ ಗುಣಿಸಿದರೆ 2 ಬರುತ್ತದೋ ಅದು 2ರ ಹತ್ತನೆಯ ಮೂಲ, ಸುಮಾರು 1.0718. ಬಡ್ಡಿ ಶೇ. 7.18 ಬೇಕು. ವರ್ಗಮೂಲ, ಘನಮೂಲ ಕಲಿತವರಿಗೆ ಇದು ಹೊಸದೇನಲ್ಲ.

ಮೂರನೆಯ ಪ್ರಶ್ನೆ ಇನ್ನೂ ಉಳಿದಿದೆ. ಬಡ್ಡಿ ಶೇ. 7 ಎಂದು ಬ್ಯಾಂಕ್ ಹೇಳಿಬಿಟ್ಟಿದೆ, ಹಣ ಎರಡರಷ್ಟಾಗಲು ಎಷ್ಟು ವರ್ಷ ಕಾಯಬೇಕು? ಈಗ ಸಮೀಕರಣ 1.07ˣ = 2. ಗೊತ್ತಿಲ್ಲದ ಸಂಖ್ಯೆ ಮೇಲೆ, ಘಾತಾಂಕದ ಜಾಗದಲ್ಲಿ ಕೂತಿದೆ. ಮೂಲ ತೆಗೆಯುವ ವಿದ್ಯೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಎಷ್ಟನೆಯ ಮೂಲ ತೆಗೆಯಬೇಕು ಎಂಬುದೇ ನಮಗೆ ತಿಳಿಯದು. ಈ ಪ್ರಶ್ನೆಯ ಉತ್ತರಕ್ಕೆ ಇಟ್ಟ ಹೆಸರು ಲಘುಗಣಕ. 1.07ನ್ನು ಯಾವ ಘಾತಕ್ಕೆ ಏರಿಸಿದರೆ 2 ಬರುತ್ತದೋ ಆ ಘಾತಾಂಕವೇ ಆಧಾರ 1.07ಕ್ಕೆ 2ರ ಲಘುಗಣಕ. ಘಾತಕ್ರಿಯೆಯ ವಿಲೋಮ ಎಂದು ಪಠ್ಯಪುಸ್ತಕ ಹೇಳುವುದು ಇಷ್ಟನ್ನೇ.

ಕೂಡುವುದಕ್ಕೆ ಕಳೆಯುವುದು ಎಂಬ ಒಂದೇ ವಿಲೋಮ ಸಾಕಾಯಿತು, ಗುಣಾಕಾರಕ್ಕೂ ಭಾಗಾಕಾರ ಒಂದೇ ಸಾಕಾಯಿತು. ಹಾಗಿರುವಾಗ ಘಾತಕ್ಕೆ ಮಾತ್ರ ಮೂಲ, ಲಘುಗಣಕ ಎಂದು ಎರಡೇಕೆ? ಈ ಸಂಶಯ ತರಗತಿಯಲ್ಲಿ ಬರಲೇಬೇಕು. ಬರದಿದ್ದರೆ ಲಘುಗಣಕ ಎಲ್ಲಿಂದಲೋ ಉದುರಿದ ಸೂತ್ರವಾಗಿಯೇ ಉಳಿದುಬಿಡುತ್ತದೆ. ಉತ್ತರ ಸರಳವಾಗಿದೆ. 3 + 5 ಎಂದರೂ 5 + 3 ಎಂದರೂ ಒಂದೇ, 3 × 5 ಎಂದರೂ 5 × 3 ಎಂದರೂ ಒಂದೇ. ಎರಡು ಸಂಖ್ಯೆಗಳ ಪಾತ್ರ ಅಲ್ಲಿ ಸಮಾನ, ಆದ್ದರಿಂದ ಮೊದಲನೆಯದು ಕಾಣೆಯಾದರೂ ಎರಡನೆಯದು ಕಾಣೆಯಾದರೂ ಹುಡುಕುವ ದಾರಿ ಒಂದೇ. ಘಾತದಲ್ಲಿ ಹಾಗಿಲ್ಲ. 2⁵ ಎಂದರೆ 32, 5² ಎಂದರೆ 25. ಕೆಳಗಿನ ಸಂಖ್ಯೆ ಗುಣಿಸಿಕೊಳ್ಳುತ್ತದೆ, ಮೇಲಿನದು ಎಷ್ಟು ಸಲ ಎಂದು ಹೇಳುತ್ತದೆ. ಕೆಳಗಿನದನ್ನು ಹುಡುಕುವುದು ಮೂಲ, ಮೇಲಿನದನ್ನು ಹುಡುಕುವುದು ಲಘುಗಣಕ.

ಹೆಸರು ಕೊಟ್ಟ ಮಾತ್ರಕ್ಕೆ ಆ ಹೆಸರಿನದೊಂದು ಸಂಖ್ಯೆ ಇದೆ ಎಂದಾಗುವುದಿಲ್ಲ. ಅದನ್ನೂ ಪರೀಕ್ಷಿಸಬೇಕು. ನಮ್ಮ ಠೇವಣಿ ಹತ್ತನೆಯ ವರ್ಷದ ಕೊನೆಗೆ 1,96,715, ಹನ್ನೊಂದರ ಕೊನೆಗೆ 2,10,485. ಎರಡು ಲಕ್ಷ ಇವುಗಳ ನಡುವೆ ಇದೆ. ಹಾಗಾದರೆ 10 ಮತ್ತು 11ರ ನಡುವಿನ ಘಾತಾಂಕ ಎಂದರೇನು? ಒಂದು ಸಂಖ್ಯೆಯನ್ನು ಹತ್ತೂಕಾಲು ಸಲ ಗುಣಿಸುವುದು ಅರ್ಥವಿಲ್ಲದ ಮಾತು. ಆದರೆ ಘಾತಗಳಿಗೆ ಒಂದು ನಿಯಮವಿದೆ: ಒಂದೇ ಆಧಾರದ ಎರಡು ಘಾತಗಳನ್ನು ಗುಣಿಸಿದರೆ ಘಾತಾಂಕಗಳು ಕೂಡಿಕೊಳ್ಳುತ್ತವೆ. ಈ ನಿಯಮ ಭಿನ್ನರಾಶಿಗಳಿಗೂ ನಿಲ್ಲಬೇಕು ಎಂದು ಪಟ್ಟು ಹಿಡಿದರೆ 10^0.5ನ್ನು ಅದರಿಂದಲೇ ಗುಣಿಸಿದಾಗ 10¹ ಬರಬೇಕು. ಆದ್ದರಿಂದ 10^0.5 ಎಂಬುದು 10ರ ವರ್ಗಮೂಲ, ಸುಮಾರು 3.162 ಆಗಲೇಬೇಕು. ಇದೇ ರೀತಿ ಪ್ರತಿಯೊಂದು ಭಿನ್ನ ಘಾತಾಂಕಕ್ಕೂ ಒಂದು ಬೆಲೆ ನಿಗದಿಯಾಗುತ್ತದೆ, ಭಿನ್ನಗಳ ನಡುವಿನ ಸಂದುಗಳನ್ನೂ ತುಂಬಬಹುದು.

ಹಾಗೆ ತುಂಬಿದ ಮೇಲೆ 1.07ˣ ಎಂಬುದು x ಏರಿದಂತೆ ಎಲ್ಲೂ ನಿಲ್ಲದೆ, ಎಲ್ಲೂ ಹಾರದೆ, ಎಲ್ಲೂ ಹಿಂದಿರುಗದೆ ಏರುತ್ತಲೇ ಹೋಗುತ್ತದೆ. ಆದ್ದರಿಂದ 2 ಎಂಬ ಬೆಲೆಯನ್ನು ಅದು ಮುಟ್ಟಲೇಬೇಕು, ಅದೂ ಒಂದೇ ಸಲ. ಉತ್ತರ ಇದೆ, ಒಂದೇ ಇದೆ. ವಿಲೋಮ ಎನ್ನುವ ಹಕ್ಕು ಇದರಿಂದ ಬರುತ್ತದೆ. ಪುಸ್ತಕದಲ್ಲಿ ಬಾಯಿಪಾಠಕ್ಕೆ ಕೊಡುವ ಷರತ್ತುಗಳ ಮೂಲವೂ ಇಲ್ಲೇ. ಆಧಾರ 1 ಆಗಬಾರದು, ಏಕೆಂದರೆ 1ನ್ನು ಎಷ್ಟು ಗುಣಿಸಿದರೂ 1. ಆಧಾರ ಋಣ ಸಂಖ್ಯೆಯಾಗಬಾರದು, ಏಕೆಂದರೆ −4ರ ಅರ್ಧ ಘಾತ ನಮ್ಮ ಸಂಖ್ಯಾರೇಖೆಯ ಮೇಲೆ ಸಿಗುವುದಿಲ್ಲ. ಧನ ಆಧಾರದ ಯಾವ ಘಾತವೂ ಸೊನ್ನೆಯಾಗದು, ಋಣವೂ ಆಗದು. ಹಾಗಾಗಿ ಅವುಗಳ ಲಘುಗಣಕವನ್ನು ಕೇಳುವಂತಿಲ್ಲ.

ಲೆಕ್ಕಕ್ಕೆ ಅನುಕೂಲವೆಂದು ಸಾಮಾನ್ಯವಾಗಿ ಆಧಾರವನ್ನು 10 ಎಂದು ಇಟ್ಟುಕೊಳ್ಳುತ್ತಾರೆ. ಈಗ log 2 ಎಷ್ಟು? ಅಂದರೆ 10ˣ = 2 ಆಗುವ x ಯಾವುದು? ವ್ಯಾಖ್ಯೆ ಒಂದನ್ನೇ ಹಿಡಿದುಕೊಂಡು, ಯಾವ ಕೋಷ್ಟಕವನ್ನೂ ನೋಡದೆ ಇದನ್ನು ಕಂಡುಹಿಡಿಯಬಹುದು. ಎರಡೂ ಕಡೆ ಹತ್ತನೆಯ ಘಾತಕ್ಕೆ ಏರಿಸಿದರೆ ಎಡಗಡೆಯ ಘಾತಾಂಕ 10x, ಬಲಗಡೆ 2¹⁰ = 1024. ಇದು ನಾಲ್ಕು ಅಂಕಿಗಳ ಸಂಖ್ಯೆ, 10³ ಮತ್ತು 10⁴ರ ನಡುವೆ ಇರುವಂಥದು. ಆದ್ದರಿಂದ 10x ಎಂಬುದು 3 ಮತ್ತು 4ರ ನಡುವೆ, x ಎಂಬುದು 0.3 ಮತ್ತು 0.4ರ ನಡುವೆ. ಇನ್ನೂ ಹತ್ತಿರ ಹೋಗಬೇಕೆಂದರೆ ಇನ್ನೂ ದೊಡ್ಡ ಘಾತ ತೆಗೆದುಕೊಳ್ಳಬೇಕು. 2¹⁰⁰ರಲ್ಲಿ 31 ಅಂಕಿಗಳಿವೆ. X ಈಗ 0.30 ಮತ್ತು 0.31ರ ನಡುವೆ. 2¹⁰⁰⁰ರಲ್ಲಿ 302 ಅಂಕಿಗಳು, x 0.301 ಮತ್ತು 0.302ರ ನಡುವೆ. ಅಂಕಿಗಳನ್ನು ಎಣಿಸುತ್ತ ಹೋದಂತೆ 0.30103... ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಲೆಕ್ಕ ನನಗೆ ಬಹಳ ಇಷ್ಟ, ಏಕೆಂದರೆ ಕಣ್ಣಿಗೆ ಕಾಣುವ ಅಂಕಿಗಳ ಎಣಿಕೆಯೇ ಇಲ್ಲಿ ಲಘುಗಣಕವಾಗುತ್ತದೆ.

ಈ ದಶಾಂಶ ಎಲ್ಲಿಯಾದರೂ ಮುಗಿಯುತ್ತದೆಯೇ? ಇಲ್ಲ. x ಒಂದು ಭಿನ್ನರಾಶಿ p/q ಆಗಿದ್ದರೆ 10ᵖ = 2^q ಆಗಬೇಕಿತ್ತು. ಎಡಗಡೆಯದನ್ನು 5ರಿಂದ ಭಾಗಿಸಬಹುದು, ಬಲಗಡೆ ಬರೀ ಎರಡುಗಳ ಗುಣಲಬ್ಧ, ಅದರಲ್ಲಿ 5 ಎಲ್ಲಿಂದ ಬರಬೇಕು? ಹಾಗಾಗಿ log 2 ಭಿನ್ನರಾಶಿಯೇ ಅಲ್ಲ. ಅದನ್ನು ಪೂರ್ತಿಯಾಗಿ ಬರೆಯಲು ಆಗುವುದಿಲ್ಲ, ಯಾವ ಪ್ರಶ್ನೆಯ ಉತ್ತರ ಎಂದು ಮಾತ್ರ ಹೇಳಬಹುದು. ‘√2’ ಎಂದು ಬರೆದಾಗಲೂ ನಾವು ಮಾಡುವುದು ಇದನ್ನೇ.

ಉಳಿದ ಸೂತ್ರಗಳೆಲ್ಲ ಈ ವ್ಯಾಖ್ಯೆಯ ಒಳಗೇ ಇವೆ. log a = x, log b = y ಎಂದರೆ a = 10ˣ, b = 10ʸ. ಗುಣಿಸಿದರೆ ab = 10ˣ⁺ʸ. ಹಾಗಾದರೆ ab ಪಡೆಯಲು 10ನ್ನು ಏರಿಸಬೇಕಾದ ಘಾತ x + y. log(ab) = log a + log b ಎಂಬ ಸೂತ್ರ ಇಷ್ಟೇ. aಯನ್ನೇ ಮತ್ತೆ ಮತ್ತೆ ಗುಣಿಸಿದರೆ log a ಮತ್ತೆ ಮತ್ತೆ ಕೂಡಿಕೊಳ್ಳುತ್ತದೆ, ಆದ್ದರಿಂದ log(aⁿ) = n log a; n ಭಿನ್ನವಾದರೂ ಇದು ನಿಲ್ಲುತ್ತದೆ. ಠೇವಣಿಯ ಲೆಕ್ಕಕ್ಕೆ ಬೇಕಾದದ್ದು ಈ ಎರಡನೆಯದು. 1.07ˣ = 2 ಎಂಬುದರ ಎರಡೂ ಕಡೆ ಲಘುಗಣಕ ತೆಗೆದರೆ x × log 1.07 = log 2. log 1.07 ಸುಮಾರು 0.02938. 0.30103ನ್ನು ಇದರಿಂದ ಭಾಗಿಸಿದರೆ 10.24 ವರ್ಷ. ಬಡ್ಡಿಯನ್ನು ವರ್ಷಕ್ಕೊಮ್ಮೆ ಮಾತ್ರ ಜಮೆ ಮಾಡುವ ಕಡೆ ಹನ್ನೊಂದನೆಯ ವರ್ಷ ಮುಗಿಯುವವರೆಗೂ ಕಾಯಬೇಕಾಗುತ್ತದೆ ಎಂಬುದು ಬೇರೆ ಮಾತು.

ಹೊಸದಾಗಿ ಕಲಿಯುವವರು ಹೆಚ್ಚಾಗಿ ತಪ್ಪುವುದು log(a + b)ಯನ್ನು log a + log b ಎಂದು ಬಿಡಿಸುವಲ್ಲಿ. ಹಿಡಿಯುವುದು ಸುಲಭ. a, b ಎರಡನ್ನೂ 1 ಎಂದು ಹಾಕಿ ನೋಡಿ. 10⁰ = 1 ಆದ್ದರಿಂದ log 1 ಸೊನ್ನೆ; ಬಲಗಡೆ ಸೊನ್ನೆಗೆ ಸೊನ್ನೆ ಕೂಡಿ ಸೊನ್ನೆ, ಎಡಗಡೆ log 2. ಘಾತಗಳನ್ನು ಗುಣಿಸಿದಾಗ ಘಾತಾಂಕಗಳಿಗೆ ಏನಾಗುತ್ತದೆಂದು ನಮಗೆ ಗೊತ್ತು. ಘಾತಗಳನ್ನು ಕೂಡಿದಾಗ ಅಂಥ ನಿಯಮವೇ ಇಲ್ಲ, ಆದ್ದರಿಂದ ಅದರ ವಿಲೋಮಕ್ಕೂ ಇಲ್ಲ.

ಇಷ್ಟು ಸಹಜವಾಗಿ ಕಾಣುವ ಈ ವ್ಯಾಖ್ಯೆ ಚರಿತ್ರೆಯಲ್ಲಿ ತಡವಾಗಿ ಬಂತು. 9ನೇ ಶತಮಾನದ ಜೈನ ಆಚಾರ್ಯ ವೀರಸೇನರು ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ವನ್ನು ಬಳಸಿದ್ದಾರೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. 32ರ ಅರ್ಧಚ್ಛೇದ 5. ಇಂದಿನ ಮಾತಿನಲ್ಲಿ ಆಧಾರ 2ಕ್ಕೆ 32ರ ಲಘುಗಣಕ. ಗುಣಲಬ್ಧದ ಅರ್ಧಚ್ಛೇದ ಎರಡರ ಅರ್ಧಚ್ಛೇದಗಳ ಮೊತ್ತ ಎಂಬುದೂ ಅವರಿಗೆ ತಿಳಿದಿತ್ತು. ಆ ಟೀಕೆಯ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ.

ಯೂರೋಪಿನಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಘುಗಣಕ ಕೋಷ್ಟಕ ಪ್ರಕಟಿಸಿದಾಗ ಘಾತಾಂಕವನ್ನು ಸಂಖ್ಯೆಯ ಮೇಲೆ ಚಿಕ್ಕದಾಗಿ ಬರೆಯುವ ಪದ್ಧತಿ ಇನ್ನೂ ನೆಲೆಗೊಂಡಿರಲಿಲ್ಲ. ಡೆಕಾರ್ಟ್‌ನ ಪುಸ್ತಕದಲ್ಲಿ ಅದು ಬಂದದ್ದು 1637ರಲ್ಲಿ. ನೇಪಿಯರ್ ಎರಡು ರೇಖೆಗಳ ಮೇಲೆ ಚಲಿಸುವ ಎರಡು ಬಿಂದುಗಳನ್ನು ಕಲ್ಪಿಸಿ ವ್ಯಾಖ್ಯೆ ಕೊಟ್ಟಿದ್ದ. ಅವನ ಕೋಷ್ಟಕದಲ್ಲಿ ಲಘುಗಣಕ ಸೊನ್ನೆಯಾಗುತ್ತಿದ್ದುದು 1ಕ್ಕಲ್ಲ, ಒಂದು ಕೋಟಿಗೆ. ಹಾಗಾಗಿ ಗುಣಲಬ್ಧದ ಲಘುಗಣಕ ಎರಡರ ಮೊತ್ತಕ್ಕೆ ನೇರವಾಗಿ ಸಮವಾಗುತ್ತಿರಲಿಲ್ಲ. 1615ರಲ್ಲಿ ಹೆನ್ರಿ ಬ್ರಿಗ್ಸ್ ಅವನನ್ನು ಹುಡುಕಿಕೊಂಡು ಹೋದ ಮೇಲೆ 1ರ ಲಘುಗಣಕವನ್ನು ಸೊನ್ನೆ ಮಾಡುವುದೆಂದು ಇಬ್ಬರೂ ಒಪ್ಪಿದರು. 1624ರಲ್ಲಿ ಬ್ರಿಗ್ಸ್ ಆಧಾರ 10ರ ಕೋಷ್ಟಕವನ್ನು 14 ದಶಾಂಶ ಸ್ಥಾನಗಳವರೆಗೆ ಪ್ರಕಟಿಸಿದ.

ಲಘುಗಣಕವನ್ನು ಘಾತದ ವಿಲೋಮವೆಂದೇ ಮೊದಲಿಟ್ಟು ಉಳಿದೆಲ್ಲವನ್ನೂ ಅದರಿಂದ ಬೆಳೆಸಿದ್ದು ಆಯ್ಲರ್, 1748ರ ಪುಸ್ತಕದಲ್ಲಿ. ಇದರಿಂದ ಹಳೆಯ ಜಗಳವೊಂದೂ ತೀರಿತು. 1712–13ರಲ್ಲಿ ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ ಋಣ ಸಂಖ್ಯೆಗಳ ಲಘುಗಣಕದ ಬಗ್ಗೆ ಪತ್ರಗಳಲ್ಲಿ ವಾದಿಸಿದ್ದರು. −2ರ ಲಘುಗಣಕವೂ 2ರ ಲಘುಗಣಕವೂ ಒಂದೇ ಎಂದು ಬರ್ನೂಲಿ, ವಾಸ್ತವ ಸಂಖ್ಯೆಗಳಲ್ಲಿ ಅಂಥದ್ದು ಸಿಗದು ಎಂದು ಲೈಬ್ನಿಟ್ಸ್. ವಿಲೋಮದ ವ್ಯಾಖ್ಯೆ ಕೈಯಲ್ಲಿದ್ದರೆ ಬರ್ನೂಲಿಯ ಮಾತನ್ನು ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು: ಎರಡರ ಲಘುಗಣಕವೂ ಒಂದೇ ಆದರೆ 10ರ ಒಂದೇ ಘಾತ 2ಕ್ಕೂ −2ಕ್ಕೂ ಸಮವಾಗಬೇಕು. ವಾಸ್ತವ ಸಂಖ್ಯೆಗಳ ಆಚೆ, ಕಾಲ್ಪನಿಕ ಘಾತಾಂಕಗಳನ್ನೂ ಒಳಗೆ ಬಿಟ್ಟುಕೊಂಡು ಆಯ್ಲರ್ ತೋರಿಸಿದ್ದು, ಅಲ್ಲಿ −2ಕ್ಕೆ ಲಘುಗಣಕಗಳು ಇವೆ, ಒಂದಲ್ಲ ಎರಡಲ್ಲ, ಲೆಕ್ಕವಿಲ್ಲದಷ್ಟು. ಆದರೆ ಅವುಗಳಲ್ಲಿ ಯಾವುದೂ ವಾಸ್ತವ ಸಂಖ್ಯೆಯಲ್ಲ.